ಪಿತೃತ್ವ ರಜೆಯನ್ನು ಮ್ಯಾನೇಜರ್ ಬಳಿ ಕೇಳುವುದು: ಪದೇ ಪದೇ ಬರುವ ಪ್ರಶ್ನೆಗಳು

ಪಿತೃತ್ವ ರಜೆಯ ಅರ್ಜಿ ಬೇರೆ ರಜೆಗಳ ಅರ್ಜಿಯಂತಲ್ಲ. ಪ್ರವಾಸಕ್ಕೆ ಹೊರಟವನಿಗೆ ಹೊರಡುವ ದಿನ ಗೊತ್ತಿರುತ್ತದೆ. ತಂದೆಯಾಗಲಿರುವವನಿಗೆ ರಜೆ ಬೇಕಾಗುತ್ತದೆ ಎಂಬುದು ತಿಂಗಳುಗಟ್ಟಲೆ ಮೊದಲೇ ತಿಳಿದಿದ್ದರೂ, ಅದು ಯಾವ ದಿನ ಶುರುವಾಗುತ್ತದೆ ಎಂಬುದು ಕೊನೆಯ ಗಳಿಗೆಯವರೆಗೂ ತಿಳಿದಿರುವುದಿಲ್ಲ. ಸಹೋದ್ಯೋಗಿಗಳ ಮಾತಿನಲ್ಲಿ, ನನಗೆ ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳೆಲ್ಲ ಬಹುಮಟ್ಟಿಗೆ ಈ ಒಂದು ತೊಡಕಿನ ಸುತ್ತಲೇ ಇವೆ. ನಾನು ಈ ರಜೆಯನ್ನು ಎರಡು ಸಲ ಪಡೆದಿದ್ದೇನೆ, ಆಮೇಲೆ ಹಲವರಿಗೆ ಮಂಜೂರು ಮಾಡಿಯೂ ಇದ್ದೇನೆ. ಮೇಜಿನ ಎರಡೂ ಬದಿಯಿಂದ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಉತ್ತರಗಳುದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಂಡಿದ್ದೇನೆ. ಒಬ್ಬ ನೌಕರ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ. ಪ್ರತಿ ಗುರುವಾರ ಸರಬರಾಜುದಾರರಿಗೆ ಹಣ ಪಾವತಿಸುವುದು ಮತ್ತು ಪ್ರತಿ ತಿಂಗಳ ಮೊದಲ ಐದು ಕೆಲಸದ ದಿನಗಳಲ್ಲಿ ಹಿಂದಿನ ತಿಂಗಳ ಲೆಕ್ಕ ಮುಗಿಸುವುದು ಅವನ ಹೊಣೆ. ಅವನ ಪತ್ನಿಯ ಹೆರಿಗೆಗೆ ವೈದ್ಯರು ಕೊಟ್ಟಿರುವ ದಿನಾಂಕ ನವೆಂಬರ್ 18, ಬುಧವಾರ. ಅವನಿಗೆ ಸಿಗುವ ರಜೆ 15 ಕೆಲಸದ ದಿನಗಳು, ಶನಿವಾರ ಮತ್ತು ಭಾನುವಾರ ವಾರದ ರಜೆ. ಲೆಕ್ಕ ಸರಳವಾಗಿರಲೆಂದು ಹಬ್ಬದ ಮತ್ತು ಇತರ ಸಾರ್ವಜನಿಕ ರಜೆಗಳನ್ನು ಇಲ್ಲಿ ಎಣಿಸಿಲ್ಲ.

## ಅರ್ಜಿಗೆ ಮುನ್ನ

ಮ್ಯಾನೇಜರ್‌ಗೆ ಯಾವಾಗ ಹೇಳಬೇಕು? ತೀರಾ ಬೇಗ ಹೇಳಿದರೆ ತೊಂದರೆಯಾಗುವುದಿಲ್ಲವೇ?

ನಿಯಮದಲ್ಲಿ ಎಷ್ಟು ದಿನ ಮುಂಚೆ ತಿಳಿಸಬೇಕು ಎಂದು ಬರೆದಿದ್ದರೆ ಅದು ಕನಿಷ್ಠ ಮಿತಿ ಮಾತ್ರ. ನಿಮ್ಮ ಕೆಲಸವನ್ನು ಇನ್ನೊಬ್ಬರು ಕಲಿಯಲು ಎಷ್ಟು ಸಮಯ ಬೇಕೋ ಅದೇ ನಿಜವಾದ ಅಳತೆ. ನಮ್ಮ ಉದಾಹರಣೆಯ ನೌಕರನ ಕೆಲಸ ತಿಂಗಳಿಗೊಮ್ಮೆ ಮಾತ್ರ ಪೂರ್ತಿ ಸುತ್ತು ಬರುತ್ತದೆ. ಬದಲಿಗೆ ಬರುವವರು ಒಂದು ಸಲ ನೋಡಿ, ಇನ್ನೊಂದು ಸಲ ತಾವೇ ಮಾಡಿ ಕಲಿಯಬೇಕೆಂದರೆ ಎರಡು ತಿಂಗಳ ಲೆಕ್ಕಗಳಾದರೂ ನಡುವೆ ಬರಬೇಕು. ಹಾಗಾಗಿ ಅವನು ಪತ್ನಿಯ ಗರ್ಭಾವಸ್ಥೆಯ 28ನೇ ವಾರದ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯ ವಾರದಲ್ಲಿ, ಬಾಯಿಮಾತಿನಲ್ಲಿ ತಿಳಿಸಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಲಿಖಿತ ಅರ್ಜಿ ಕೊಟ್ಟರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಆರಂಭದ ಎರಡು ಸುತ್ತುಗಳು ಕೈಯಲ್ಲಿ ಉಳಿಯುತ್ತವೆ. ವಾರಕ್ಕೊಮ್ಮೆ ಸುತ್ತು ಬರುವ ಕೆಲಸವಾದರೆ ಆರು ವಾರ ಮುಂಚೆ ಹೇಳಿದರೂ ನಡೆದೀತು.

ಪತ್ನಿ ಗರ್ಭಿಣಿ ಎಂಬ ವಿಷಯ ಆಫೀಸಿನಲ್ಲಿ ಹರಡುವುದು ಇಷ್ಟವಿಲ್ಲದಿದ್ದರೆ, ಮ್ಯಾನೇಜರ್‌ಗೆ ಮಾತ್ರ ತಿಳಿಸಿ, ಇಂಥ ದಿನದವರೆಗೆ ಬೇರೆಯವರಿಗೆ ಹೇಳಬೇಡಿ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಬಹುದು. ಹೀಗೆ ಕೇಳಿಕೊಳ್ಳುವಾಗ ದಿನವನ್ನೂ ಹೇಳಿ, ಏಕೆಂದರೆ ಬದಲಿ ವ್ಯವಸ್ಥೆ ಶುರುವಾಗಬೇಕಾದರೆ ಯಾವುದೋ ಒಂದು ದಿನ ತಂಡಕ್ಕೂ ತಿಳಿಯಲೇಬೇಕು.

ನಮ್ಮ ನಿಯಮದಲ್ಲಿ “15 ದಿನ” ಎಂದಷ್ಟೇ ಇದೆ. ಅರ್ಜಿ ಬರೆಯುವ ಮೊದಲು ಇನ್ನೇನು ನೋಡಿಕೊಳ್ಳಬೇಕು?

ಮೊದಲು ಆ 15 ದಿನಗಳು ಕೆಲಸದ ದಿನಗಳೋ, ವಾರದ ರಜೆಯೂ ಸೇರಿದ ದಿನಗಳೋ ಎಂದು ನೋಡಿ. ವ್ಯತ್ಯಾಸ ಸಣ್ಣದಲ್ಲ. ಗುರುವಾರ ಶುರುವಾಗುವ 15 ಕೆಲಸದ ದಿನಗಳ ರಜೆ ಪೂರ್ತಿ ಮೂರು ವಾರ ನಡೆಯುತ್ತದೆ. ಅದೇ ಗುರುವಾರ ಶುರುವಾಗುವ 15 ಕ್ಯಾಲೆಂಡರ್ ದಿನಗಳಲ್ಲಿ ಕೆಲಸದ ದಿನಗಳು 11 ಮಾತ್ರ ಇರುತ್ತವೆ.

ಎರಡನೆಯದು, ರಜೆಯನ್ನು ಯಾವ ಅವಧಿಯೊಳಗೆ ಮುಗಿಸಬೇಕು ಎಂಬುದು. ಉದಾಹರಣೆಗೆ ಭಾರತದ ಕೇಂದ್ರ ಸರ್ಕಾರಿ ನೌಕರರಿಗೆ 1972ರ ರಜೆ ನಿಯಮಗಳ 43-ಎ ಪ್ರಕಾರ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ, 15 ದಿನಗಳ ರಜೆ ಸಿಗುತ್ತದೆ. ಅದನ್ನು ಹೆರಿಗೆಗೆ 15 ದಿನ ಮೊದಲಿನಿಂದ ಹೆರಿಗೆಯಾಗಿ ಆರು ತಿಂಗಳೊಳಗೆ ಪಡೆಯಬೇಕು, ಇಲ್ಲವಾದರೆ ಅದು ಕಳೆದುಹೋದಂತೆ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ಕನಿಷ್ಠ 10 ಕೆಲಸದ ದಿನಗಳನ್ನು ಕೊಡುತ್ತದೆ, ಆದರೆ ಅದು ಹೆರಿಗೆಯ ಆಸುಪಾಸಿನ ಸಮಯಕ್ಕೆ ಎಂದು ಹೇಳುತ್ತದೆ. ಹೀಗೆ ನಿಯಮಗಳು ಜಾಗದಿಂದ ಜಾಗಕ್ಕೆ ಬೇರೆಯಾಗಿರುವುದರಿಂದ, ಇನ್ನೊಂದು ಸಂಸ್ಥೆಯಲ್ಲಿರುವ ಗೆಳೆಯನ ಅನುಭವದ ಮೇಲೆ ಅರ್ಜಿ ಬರೆಯಬೇಡಿ.

ಮೂರನೆಯದು, ರಜೆಯನ್ನು ಎರಡು ಕಂತುಗಳಲ್ಲಿ ಪಡೆಯಬಹುದೇ ಎಂಬುದು. ಇದರ ಮಹತ್ವ ಮಗು ಅವಧಿಗೆ ಮುನ್ನ ಹುಟ್ಟಿದಾಗ ತಿಳಿಯುತ್ತದೆ, ಅದನ್ನು ಕೊನೆಯ ಭಾಗದಲ್ಲಿ ವಿವರಿಸಿದ್ದೇನೆ. ಇನ್ನು ಸಂಸ್ಥೆಯಲ್ಲಿ ಪಿತೃತ್ವ ರಜೆಯೇ ಇಲ್ಲದಿದ್ದರೆ ಗಳಿಕೆ ರಜೆಯನ್ನೇ ಬಳಸಬೇಕಾದೀತು. ಆಗಲೂ ಕೆಳಗಿನ ಕ್ರಮ ಹಾಗೆಯೇ ಅನ್ವಯಿಸುತ್ತದೆ, ಅರ್ಜಿಯಲ್ಲಿ ರಜೆಯ ಹೆಸರು ಮಾತ್ರ ಬದಲಾಗುತ್ತದೆ.

ಮೊದಲು ಬಾಯಿಮಾತಲ್ಲಿ ಹೇಳಬೇಕೋ, ನೇರವಾಗಿ ಇಮೇಲ್ ಹಾಕಬೇಕೋ?

ಎರಡನ್ನೂ ಮಾಡಿ, ಈ ಕ್ರಮದಲ್ಲೇ ಮಾಡಿ. ಹತ್ತು ನಿಮಿಷದ ಮಾತುಕತೆಯಲ್ಲಿ ಮ್ಯಾನೇಜರ್‌ಗೆ ಯಾವುದರ ಬಗ್ಗೆ ಆತಂಕವಿದೆ ಎಂಬುದು ತಿಳಿಯುತ್ತದೆ, ಅದಕ್ಕೆ ಉತ್ತರವನ್ನು ಇಮೇಲ್‌ನಲ್ಲಿ ಸೇರಿಸಬಹುದು. ಮಾತಿಗಷ್ಟೇ ನಿಲ್ಲಿಸಿದರೆ ಮ್ಯಾನೇಜರ್ ಬದಲಾದಾಗ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

## ದಿನಾಂಕಗಳು

ಡಾಕ್ಟರ್ ಕೊಟ್ಟ ಡೇಟ್‌ನಿಂದಲೇ ರಜೆ ಕೇಳಿದರೆ ಸಾಲದೇ?

ಸಾಲದು. ಈ ತಪ್ಪನ್ನು ನಾನೇ ಮಾಡಿದ್ದೇನೆ. ನಮ್ಮ ಮೊದಲ ಮಗುವಿನ ಸಮಯದಲ್ಲಿ ವೈದ್ಯರು ಹೇಳಿದ ದಿನದಿಂದ ರಜೆ ಬರೆದುಕೊಟ್ಟು, ಅದು ಮಂಜೂರಾಗಿ, ನಿಶ್ಚಿಂತೆಯಿಂದಿದ್ದೆ. ಮಗು ಒಂಬತ್ತು ದಿನ ಮುಂಚೆ ಹುಟ್ಟಿತು. ನನ್ನ ಕೆಲಸ ನೋಡಿಕೊಳ್ಳಬೇಕಾದವರು ಆ ವಾರ ತಾವೇ ರಜೆಯಲ್ಲಿದ್ದರು, ಏಕೆಂದರೆ ನನ್ನ ಅರ್ಜಿಯ ಪ್ರಕಾರ ಅವರು ಬೇಕಾಗಿದ್ದದ್ದು ಮುಂದಿನ ವಾರದಿಂದ. ಹೆರಿಗೆ ವಾರ್ಡಿನ ಹೊರಗೆ ನಿಂತು ಮುಕ್ಕಾಲು ಗಂಟೆ ಫೋನಿನಲ್ಲಿ ಪಾವತಿಯ ಕಡತವನ್ನು ವಿವರಿಸಿದ್ದು ಇಂದಿಗೂ ಮನಸ್ಸಿನಲ್ಲಿದೆ. ತಪ್ಪು ಮ್ಯಾನೇಜರ್‌ದಾಗಿರಲಿಲ್ಲ, ನಾನು ಬರೆದುಕೊಟ್ಟ ದಿನಾಂಕದ್ದು.

ವೈದ್ಯರು ಹೇಳುವ ದಿನಾಂಕವೆಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳು, ಅಂದರೆ 40 ವಾರಗಳು ತುಂಬುವ ದಿನ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನ್‌ನಿಂದ ಅದನ್ನು ತಿದ್ದಿರಬಹುದು. ಎಷ್ಟು ಎಚ್ಚರದಿಂದ ಲೆಕ್ಕ ಹಾಕಿದರೂ ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ಇಪ್ಪತ್ತರಲ್ಲಿ ಒಂದರ ಆಸುಪಾಸು ಮಾತ್ರ. 37 ವಾರ ತುಂಬಿದ ಮೇಲೆ ಹುಟ್ಟಿದ ಮಗುವನ್ನು ಅವಧಿಗೆ ಮುನ್ನ ಹುಟ್ಟಿದ್ದೆಂದು ಎಣಿಸುವುದಿಲ್ಲ. 42 ವಾರ ದಾಟಿದರೆ ಅದು ಅವಧಿ ಮೀರಿದ ಗರ್ಭ, ಸಾಮಾನ್ಯವಾಗಿ ವೈದ್ಯರು ಅಲ್ಲಿಯವರೆಗೆ ಕಾಯದೆ ಹೆರಿಗೆ ಮಾಡಿಸಲು ಮುಂದಾಗುತ್ತಾರೆ. ಆದ್ದರಿಂದ ಆಫೀಸಿಗೆ ಕೊಡಬೇಕಾದದ್ದು ಒಂದು ದಿನವಲ್ಲ, ಐದು ವಾರಗಳ ಕಿಟಕಿ. ನಿರೀಕ್ಷಿತ ದಿನದಿಂದ 21 ದಿನ ಹಿಂದೆ ಎಣಿಸಿದರೆ ಅದರ ಆರಂಭ, 14 ದಿನ ಮುಂದೆ ಎಣಿಸಿದರೆ ಅದರ ಕೊನೆ. ನವೆಂಬರ್ 18ಕ್ಕೆ ಈ ಕಿಟಕಿ ಅಕ್ಟೋಬರ್ 28ರಿಂದ ಡಿಸೆಂಬರ್ 2ರವರೆಗೆ ತೆರೆದಿರುತ್ತದೆ.

ಈ ಎರಡು ದಿನಾಂಕಗಳನ್ನು ಕೆಲಸದ ಕ್ಯಾಲೆಂಡರ್ ಮೇಲಿಟ್ಟು ನೋಡಿದಾಗ ನಿಜವಾದ ಸಮಸ್ಯೆ ಕಾಣುತ್ತದೆ. ಮಗು ಅಕ್ಟೋಬರ್ 28ರಂದು ಹುಟ್ಟಿದರೆ ನಮ್ಮ ನೌಕರ ನವೆಂಬರ್ 18ರವರೆಗೆ ಇರುವುದಿಲ್ಲ, ಅಕ್ಟೋಬರ್ ತಿಂಗಳ ಲೆಕ್ಕ ಬೇರೆಯವರ ಕೈಗೆ ಹೋಗುತ್ತದೆ. ಡಿಸೆಂಬರ್ 2ರಂದು ಹುಟ್ಟಿದರೆ ಅವನು ಡಿಸೆಂಬರ್ 24ಕ್ಕೆ ಮರಳುತ್ತಾನೆ, ನವೆಂಬರ್ ತಿಂಗಳ ಲೆಕ್ಕ ಅರ್ಧಕ್ಕೆ ನಿಂತಿರುವಾಗಲೇ ಎದ್ದು ಹೋಗಬೇಕಾಗುತ್ತದೆ. ಎರಡರಲ್ಲಿ ಯಾವುದು ಎಂದು ಯಾರೂ ಹೇಳಲಾರರು, ಹಾಗಾಗಿ ಎರಡಕ್ಕೂ ಜನ ಸಿದ್ಧವಾಗಿರಬೇಕು.

ಹಾಗಾದರೆ ಅರ್ಜಿಯಲ್ಲಿ ದಿನಾಂಕವನ್ನು ಹೇಗೆ ಬರೆಯಲಿ? ರಜೆಯ ಸಾಫ್ಟ್‌ವೇರ್ ಎರಡು ತಾರೀಖು ಕೊಡದೆ ಮುಂದೆ ಹೋಗುವುದೇ ಇಲ್ಲ.

ದಿನಾಂಕದ ಬದಲು ಘಟನೆಯನ್ನು ಆರಂಭವಾಗಿ ಇಟ್ಟುಕೊಳ್ಳಿ. “ಹೆರಿಗೆಯಾದ ಮರುದಿನದಿಂದ 15 ಕೆಲಸದ ದಿನಗಳು” ಎಂಬ ಒಂದು ವಾಕ್ಯವೇ ಅರ್ಜಿಯ ಬೆನ್ನೆಲುಬು. ಅದರ ಜೊತೆಗೆ ಕಿಟಕಿಯ ಎರಡು ತುದಿಗಳನ್ನು ಬರೆಯಿರಿ. ಸಾಫ್ಟ್‌ವೇರ್‌ಗಾಗಿ ನಿರೀಕ್ಷಿತ ದಿನದ ಮೇಲೆ ಲೆಕ್ಕ ಹಾಕಿದ ತಾತ್ಕಾಲಿಕ ದಿನಾಂಕಗಳನ್ನು ತುಂಬಿ, ಷರಾ ಬರೆಯುವ ಜಾಗದಲ್ಲಿ “ತಾತ್ಕಾಲಿಕ, ಹೆರಿಗೆಯ ದಿನಕ್ಕೆ ತಕ್ಕಂತೆ ತಿದ್ದಲಾಗುವುದು” ಎಂದು ಸೇರಿಸಿ. ನಮ್ಮ ನೌಕರ ತುಂಬಬೇಕಾದದ್ದು ನವೆಂಬರ್ 19ರಿಂದ ಡಿಸೆಂಬರ್ 9.

ಈ ತಾತ್ಕಾಲಿಕ ದಿನಾಂಕಗಳನ್ನು ಆಮೇಲೆ ಯಾರು ತಿದ್ದುತ್ತಾರೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಹಲವು ವ್ಯವಸ್ಥೆಗಳಲ್ಲಿ ಮಂಜೂರಾದ ರಜೆಯನ್ನು ನೌಕರನೇ ಬದಲಿಸಲು ಬರುವುದಿಲ್ಲ. ಹಾಗೆ ಬಿಟ್ಟರೆ ಹೆರಿಗೆಯಾಗಿ ಮನೆಯಲ್ಲಿರುವ ದಿನಗಳು ಗೈರುಹಾಜರಿ ಎಂದು ದಾಖಲಾಗಿ ತಿಂಗಳ ಸಂಬಳದಲ್ಲಿ ಕಡಿತ ಕಾಣಿಸುತ್ತದೆ. ಮ್ಯಾನೇಜರ್ ಅಥವಾ ಎಚ್‌ಆರ್ ವಿಭಾಗದವರು ತಿದ್ದುವುದಾಗಿ ಇಮೇಲ್‌ನಲ್ಲಿ ಒಪ್ಪಿಕೊಂಡಿದ್ದರೆ ಸಾಕು.

ಹೆರಿಗೆ ನೋವು ಶುರುವಾದ ದಿನವನ್ನೂ ಮರೆಯಬೇಡಿ. ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿನಿಂದ ಹೊರಟು ಮಗು ಮರುದಿನ ಮಧ್ಯಾಹ್ನ ಹುಟ್ಟಿದರೆ, ಆ ಒಂದೂವರೆ ದಿನ ಯಾವ ಲೆಕ್ಕಕ್ಕೆ ಸೇರುತ್ತದೆ? ಸಾಂದರ್ಭಿಕ ರಜೆ ಎಂದೋ, ಪಿತೃತ್ವ ರಜೆಯ ಆರಂಭ ಎಂದೋ ಮುಂಚೆಯೇ ಮಾತಾಡಿಕೊಂಡಿದ್ದರೆ ಆಮೇಲೆ ಚರ್ಚೆ ಇರುವುದಿಲ್ಲ.

ಸಿಸೇರಿಯನ್‌ಗೆ ದಿನ ಗೊತ್ತಾಗಿದೆ. ಈಗಲಾದರೂ ಖಚಿತ ದಿನಾಂಕ ಕೊಡಬಹುದಲ್ಲ?

ಕೊಡಬಹುದು, ಆದರೆ ಕಿಟಕಿಯ ವಾಕ್ಯವನ್ನು ತೆಗೆಯಬೇಡಿ. ಬೇರೆ ತೊಂದರೆಗಳಿಲ್ಲದಿದ್ದರೆ ಯೋಜಿತ ಸಿಸೇರಿಯನ್ ಸಾಮಾನ್ಯವಾಗಿ 39 ವಾರ ತುಂಬಿದ ಮೇಲೆ ನಡೆಯುತ್ತದೆ, ನೋವು ಅದಕ್ಕೂ ಮೊದಲೇ ಶುರುವಾಗಬಹುದು. ಇನ್ನೊಂದು ವಿಷಯವನ್ನೂ ಗಮನಿಸಿ. ಶಸ್ತ್ರಚಿಕಿತ್ಸೆಯ ನಂತರ ತಾಯಿ ಚೇತರಿಸಿಕೊಳ್ಳಲು ಸುಮಾರು ಆರು ವಾರ ಹಿಡಿಯುತ್ತದೆ, ಮೊದಲ ವಾರಗಳಲ್ಲಿ ಭಾರ ಎತ್ತುವಂತಿಲ್ಲ. ಪಿತೃತ್ವ ರಜೆಗೆ ಗಳಿಕೆ ರಜೆ ಸೇರಿಸಿ ಕೇಳುವ ಇರಾದೆ ಇದ್ದರೆ ಅದನ್ನು ಇದೇ ಅರ್ಜಿಯಲ್ಲಿ ಕೇಳಿ. ರಜೆಯ ಕೊನೆಯ ದಿನ ಫೋನ್ ಮಾಡಿ ಇನ್ನೊಂದು ವಾರ ಕೇಳುವುದು ಬದಲಿಗೆ ನಿಂತವರಿಗೆ ಮಾಡುವ ಅನ್ಯಾಯ.

## ಕೆಲಸದ ಬದಲಿ ವ್ಯವಸ್ಥೆ

ನನ್ನ ಕೆಲಸ ಯಾರು ನೋಡಬೇಕು ಎಂದು ನಾನೇ ಹೇಳಬೇಕೇ? ಅದು ಮ್ಯಾನೇಜರ್ ಕೆಲಸವಲ್ಲವೇ?

ಜನರನ್ನು ನೇಮಿಸುವ ಅಧಿಕಾರ ಮ್ಯಾನೇಜರ್‌ದೇ. ಆದರೆ ಯಾವ ಕೆಲಸ ನಿಲ್ಲುವಂತಿಲ್ಲ, ಯಾವುದು ಮೂರು ವಾರ ಕಾಯಬಹುದು ಎಂಬುದು ನಿಮ್ಮಷ್ಟು ಚೆನ್ನಾಗಿ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಪ್ರಸ್ತಾವ ಇಡಿ, ತೀರ್ಮಾನವನ್ನು ಅವರಿಗೆ ಬಿಡಿ. ನಾನು ಮಂಜೂರು ಮಾಡುವ ಸ್ಥಾನದಲ್ಲಿದ್ದಾಗ ನನಗೆ ಅತಿ ಹೆಚ್ಚು ನೆರವಾದದ್ದು ಅರ್ಜಿಯಲ್ಲಿ “ಇದನ್ನು ಯಾರೂ ಮಾಡಬೇಕಾಗಿಲ್ಲ, ನಾನು ಬಂದ ಮೇಲೆ ಮಾಡುತ್ತೇನೆ” ಎಂದು ಬರೆದಿದ್ದ ಭಾಗ. ಹೆಚ್ಚಿನವರು ಈ ಭಾಗವನ್ನು ಬರೆಯುವುದೇ ಇಲ್ಲ. ಪರಿಣಾಮವಾಗಿ ಮ್ಯಾನೇಜರ್‌ಗೆ ಒಬ್ಬ ನೌಕರನ ಇಡೀ ಕೆಲಸವೇ ಬೇರೆಯವರ ತಲೆಯ ಮೇಲೆ ಬೀಳುತ್ತಿರುವಂತೆ ಕಾಣುತ್ತದೆ.

ನಮ್ಮ ನೌಕರನ ಕೆಲಸವನ್ನೇ ತೆಗೆದುಕೊಳ್ಳೋಣ. ಗುರುವಾರದ ಪಾವತಿ ನಿಲ್ಲುವಂತಿಲ್ಲ, ಅದನ್ನು ಪಕ್ಕದ ಮೇಜಿನ ಸಹಾಯಕ ಲೆಕ್ಕಿಗರು ನೋಡಬಹುದು. ತಿಂಗಳ ಲೆಕ್ಕ ಮುಗಿಸುವುದು ಕೂಡ ನಿಲ್ಲುವಂತಿಲ್ಲ, ಆದರೆ ಅದಕ್ಕೆ ಹೆಚ್ಚಿನ ಅನುಭವ ಬೇಕಾದ್ದರಿಂದ ಹಿರಿಯ ಲೆಕ್ಕಿಗರು ಬೇಕು. ಸರಬರಾಜುದಾರರ ಹಳೆಯ ಬಾಕಿಗಳನ್ನು ತಾಳೆ ನೋಡುವ ಕೆಲಸ ಮೂರು ವಾರ ಕಾಯಬಹುದು. ಹೊಸ ವರದಿಯೊಂದರ ತಯಾರಿಯೂ ಕಾಯಬಹುದು, ಅದರ ಗಡುವನ್ನು ಮಾತ್ರ ಮುಂದೂಡಿಸಿಕೊಳ್ಳಬೇಕು. ಹೀಗೆ ನಾಲ್ಕು ಕೆಲಸಗಳಲ್ಲಿ ಬೇರೆಯವರಿಗೆ ಹೋದದ್ದು ಎರಡೇ, ಅದೂ ಇಬ್ಬರ ನಡುವೆ ಹಂಚಿಹೋಯಿತು.

ಅರ್ಜಿಯಲ್ಲಿ ಹೆಸರು ಬರೆಯುವ ಮೊದಲು ಆ ಇಬ್ಬರ ಜೊತೆ ಮಾತಾಡಿರಬೇಕು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಅವರು ಯಾವಾಗ ರಜೆ ಹಾಕಲಿದ್ದಾರೆ ಎಂದು ಕೇಳಿ. ಅವರ ರಜೆ ನಿಮ್ಮ ಕಿಟಕಿಯೊಳಗೆ ಬಿದ್ದರೆ, ಆ ದಿನಗಳಿಗೆ ಮೂರನೆಯವರು ಯಾರೆಂದು ಅರ್ಜಿಯಲ್ಲೇ ಇರಲಿ. ನನ್ನ ಮೊದಲ ಸಲ ತಪ್ಪಿದ್ದು ಇಲ್ಲೇ.

ಕೆಲಸ ವಹಿಸಿಕೊಟ್ಟದ್ದು ನಿಜಕ್ಕೂ ಸಾಕಾಗಿದೆ ಎಂದು ತಿಳಿಯುವುದು ಹೇಗೆ? ಹತ್ತು ಪುಟದ ಟಿಪ್ಪಣಿ ಬರೆದಿಟ್ಟಿದ್ದೇನೆ.

ಟಿಪ್ಪಣಿ ಬರೆದವನಿಗೆ ಅದು ಯಾವಾಗಲೂ ಪೂರ್ತಿಯಾಗಿಯೇ ಕಾಣುತ್ತದೆ. ಅದರಲ್ಲಿ ಏನು ಬಿಟ್ಟುಹೋಗಿದೆ ಎಂಬುದು, ನೀವು ಕೋಣೆಯಲ್ಲೇ ಇದ್ದು ಬಾಯಿ ಬಿಡದೆ ಕುಳಿತಿರುವಾಗ ಇನ್ನೊಬ್ಬರು ಅದನ್ನು ನೋಡಿ ಕೆಲಸ ಮಾಡಿದಾಗ ಮಾತ್ರ ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಆಗಸ್ಟ್ ತಿಂಗಳ ಲೆಕ್ಕವನ್ನು ಸೆಪ್ಟೆಂಬರ್ ಆರಂಭದಲ್ಲಿ ಮುಗಿಸುವಾಗ ಹಿರಿಯ ಲೆಕ್ಕಿಗರು ಪಕ್ಕದಲ್ಲಿ ಕುಳಿತು ನೋಡುತ್ತಾರೆ. ಸೆಪ್ಟೆಂಬರ್ ತಿಂಗಳ ಲೆಕ್ಕವನ್ನು ಅಕ್ಟೋಬರ್ 1ರಿಂದ 7ರವರೆಗಿನ ಐದು ಕೆಲಸದ ದಿನಗಳಲ್ಲಿ ಅವರೇ ಮಾಡುತ್ತಾರೆ. ಆ ಐದು ದಿನಗಳಲ್ಲಿ ಅವರು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ, ಅದರ ಉತ್ತರವನ್ನೂ ನಮ್ಮ ನೌಕರ ಟಿಪ್ಪಣಿಗೆ ಸೇರಿಸುತ್ತಾನೆ.

ಸಾಮಾನ್ಯವಾಗಿ ಬಿಟ್ಟುಹೋಗುವುದು ಕೆಲಸದ ಹಂತಗಳಲ್ಲ, ಅಪವಾದಗಳು. ಒಬ್ಬ ಸರಬರಾಜುದಾರನ ಬಿಲ್ ಪ್ರತಿ ತಿಂಗಳೂ ತಡವಾಗಿ ಬರುತ್ತದೆ ಎಂಬುದಾಗಲಿ, ಬ್ಯಾಂಕಿನಿಂದ ಪಾವತಿ ವಾಪಸ್ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದಾಗಲಿ ನಿಮ್ಮ ತಲೆಯಲ್ಲಿರುತ್ತದೆಯೇ ಹೊರತು ಕಾಗದದಲ್ಲಿರುವುದಿಲ್ಲ. ಕಳೆದ ಆರು ತಿಂಗಳಲ್ಲಿ ಎಡವಟ್ಟಾದ ಸಂದರ್ಭಗಳನ್ನು ನೆನಪಿಸಿಕೊಂಡು, ಪ್ರತಿಯೊಂದಕ್ಕೂ ಎರಡು ಸಾಲು ಬರೆದಿಟ್ಟರೆ ರಜೆಯಲ್ಲಿ ಬರುವ ಫೋನ್ ಕರೆಗಳಲ್ಲಿ ಬಹುಪಾಲು ತಪ್ಪುತ್ತವೆ.

ಇದೆಲ್ಲ 36ನೇ ವಾರ ತುಂಬುವ ದಿನಕ್ಕೆ, ಅಂದರೆ ಅಕ್ಟೋಬರ್ 21ಕ್ಕೆ ಮುಗಿದಿರಬೇಕು. ಅಂದಿನಿಂದ ಪ್ರತಿದಿನ ಸಂಜೆ ಹೊರಡುವಾಗ, ನಾಳೆ ನಾನು ಬರದಿದ್ದರೆ ಯಾವುದು ಅರ್ಧಕ್ಕೆ ನಿಲ್ಲುತ್ತದೆ ಎಂದು ಒಂದು ಸಾಲನ್ನು ಬದಲಿಯವರಿಗೆ ಕಳಿಸಿ. ಐದು ನಿಮಿಷದ ಕೆಲಸ ಅಷ್ಟೇ. ಇದರಿಂದ ರಜೆ ಯಾವ ಬೆಳಿಗ್ಗೆ ಶುರುವಾದರೂ ಅವರಿಗೆ ಹಿಂದಿನ ಸಂಜೆಯವರೆಗಿನ ಸ್ಥಿತಿ ತಿಳಿದಿರುತ್ತದೆ.

ಪಾಸ್‌ವರ್ಡ್ ಕೊಟ್ಟು ಹೋದರೆ ಆಗದೇ? ಮೂರೇ ವಾರ ತಾನೇ.

ಆಗದು. ನಿಮ್ಮ ಹೆಸರಿನಲ್ಲಿ ನಡೆದ ಪಾವತಿಗೆ ನೀವೇ ಹೊಣೆ, ನೀವು ಆಗ ಆಸ್ಪತ್ರೆಯಲ್ಲಿದ್ದಿರಿ ಎಂಬುದು ದಾಖಲೆಯಲ್ಲಿ ಕಾಣುವುದಿಲ್ಲ. ಮೇಲಾಗಿ ಈಗ ಹೆಚ್ಚಿನ ಕಡೆ ಲಾಗಿನ್ ಆಗಲು ಫೋನಿಗೆ ಓಟಿಪಿ ಬರುತ್ತದೆ, ಹಾಗಾಗಿ ಪಾಸ್‌ವರ್ಡ್ ಕೊಟ್ಟರೂ ಪ್ರತಿ ಗುರುವಾರ ನಿಮಗೆ ಫೋನ್ ಬರುವುದು ತಪ್ಪುವುದಿಲ್ಲ. ಬದಲಿಯವರಿಗೆ ಅವರದೇ ಲಾಗಿನ್‌ನಲ್ಲಿ, ಕಿಟಕಿಯ ಆರಂಭದಿಂದ ಡಿಸೆಂಬರ್ ಕೊನೆಯವರೆಗೆ, ತಾತ್ಕಾಲಿಕ ಅನುಮತಿ ಕೊಡಿಸಲು ಅರ್ಜಿಯಲ್ಲೇ ಕೇಳಿ. ಬ್ಯಾಂಕ್ ಸಹಿಯಂಥ ಅಧಿಕಾರ ಬದಲಿಸಲು ವಾರಗಳೇ ಹಿಡಿಯಬಹುದು, ಆದ್ದರಿಂದ ಅದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ.

## ರಜೆಯಲ್ಲಿರುವಾಗ ಸಂಪರ್ಕ

“ತುರ್ತಿದ್ದರೆ ಫೋನಲ್ಲಿ ಸಿಗುತ್ತೇನೆ” ಎಂದು ಬರೆದರೆ ಸಾಕಲ್ಲವೇ?

ಅರ್ಜಿಯಲ್ಲಿ ಬರೆಯುವ ಮಾತುಗಳಲ್ಲಿ ಅತ್ಯಂತ ದುಬಾರಿಯಾದದ್ದು ಇದೇ. ತುರ್ತು ಎಂದರೇನು ಎಂದು ನೀವು ಹೇಳದಿದ್ದರೆ ಫೋನ್ ಮಾಡುವವರು ಹೇಳುತ್ತಾರೆ, ಅವರ ಮಟ್ಟಿಗೆ ಕೈಯಲ್ಲಿರುವುದೆಲ್ಲ ತುರ್ತೇ. ಹಾಗೆಂದು ಫೋನ್ ಆಫ್ ಮಾಡಿ ಹೋಗುವುದೇ ಎಲ್ಲರಿಗೂ ಸರಿಯೆಂದೂ ನಾನು ಹೇಳುವುದಿಲ್ಲ. ರಜೆಯಲ್ಲಿ ಸಿಗಲೇಬೇಕೆಂಬ ಕಡ್ಡಾಯ ಇಲ್ಲದಿದ್ದರೆ ಪೂರ್ತಿ ದೂರವಿರುವ ಹಕ್ಕು ನಿಮಗಿದೆ. ಸಿಗುತ್ತೇನೆ ಎಂದು ಒಪ್ಪಿಕೊಳ್ಳುವುದಾದರೆ ನಾಲ್ಕು ಸಂಗತಿಗಳನ್ನು ಬರೆದುಕೊಡಿ: ಯಾರು ಕರೆಯಬಹುದು, ಯಾವುದಕ್ಕೆ, ಯಾವ ಹೊತ್ತಿನಲ್ಲಿ, ಯಾವ ದಾರಿಯಲ್ಲಿ.

ಯಾರು ಎಂಬುದಕ್ಕೆ ಒಬ್ಬರೇ ಇರಲಿ, ಅವರು ಮ್ಯಾನೇಜರ್ ಆಗಿದ್ದರೆ ಉತ್ತಮ. ಸಹಾಯಕ ಲೆಕ್ಕಿಗರಿಗೆ ಪ್ರಶ್ನೆ ಬಂದರೆ ಅವರು ಹಿರಿಯ ಲೆಕ್ಕಿಗರನ್ನು ಕೇಳುತ್ತಾರೆ, ಅಲ್ಲೂ ಬಗೆಹರಿಯದಿದ್ದರೆ ಮ್ಯಾನೇಜರ್‌ಗೆ ಹೋಗುತ್ತದೆ, ಮ್ಯಾನೇಜರ್‌ಗೆ ಅಗತ್ಯ ಕಂಡರೆ ಮಾತ್ರ ನಿಮಗೆ ಬರುತ್ತದೆ. ಈ ಎರಡು ಮೆಟ್ಟಿಲು ದಾಟುವಷ್ಟರಲ್ಲಿ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುತ್ತದೆ.

ಯಾವುದಕ್ಕೆ ಎಂಬುದನ್ನು ನಿಮ್ಮ ಕೆಲಸದ ಭಾಷೆಯಲ್ಲೇ ಬರೆಯಿರಿ. ನಮ್ಮ ನೌಕರನಿಗೆ ಅದು ಎರಡೇ ಸಂದರ್ಭ: ಬ್ಯಾಂಕಿನಿಂದ ಇಡೀ ಪಾವತಿ ಕಡತ ವಾಪಸ್ ಬಂದು ಕಾರಣ ತಿಳಿಯದಿದ್ದರೆ, ಇಲ್ಲವೇ ತಿಂಗಳ ಲೆಕ್ಕ ಮುಗಿಸಲು ಬೇಕಾದ ಮಾಹಿತಿ ಟಿಪ್ಪಣಿಯಲ್ಲೂ ಕಡತಗಳಲ್ಲೂ ಸಿಗದಿದ್ದರೆ. ಒಬ್ಬ ಸರಬರಾಜುದಾರ ಹಣ ಯಾವಾಗ ಬರುತ್ತದೆ ಎಂದು ಕೇಳುವುದು ಇದರಲ್ಲಿ ಸೇರುವುದಿಲ್ಲ.

ಹೊತ್ತಿನ ಬಗ್ಗೆ ನನ್ನ ಸಲಹೆ ಇದು. ಹೆರಿಗೆಯಾದ ಮೊದಲ ಏಳು ದಿನ ಯಾವ ಕರೆಯೂ ಬೇಡ. ಆಸ್ಪತ್ರೆ ವಾಸ, ಮನೆಗೆ ಬರುವುದು, ಮಗುವಿಗೆ ಹಾಲುಣಿಸುವುದು ಒಂದು ಹದಕ್ಕೆ ಬರುವುದು, ಕಾಮಾಲೆ ಇದೆಯೇ ಎಂದು ತೋರಿಸಿಕೊಂಡು ಬರುವುದು, ಇವೆಲ್ಲ ಆ ವಾರದಲ್ಲೇ ಸೇರಿಕೊಂಡಿರುತ್ತವೆ. ಎಂಟನೆಯ ದಿನದಿಂದ ಕೆಲಸದ ದಿನಗಳಲ್ಲಿ ಸಂಜೆ 4ರಿಂದ 4.30ರವರೆಗೆ ಸಿಗುತ್ತೇನೆ ಎಂದು ಬರೆಯಬಹುದು. ದಾರಿ ಒಂದೇ ಇರಲಿ, ಫೋನ್ ಕರೆ ಅಥವಾ ಮೆಸೇಜ್. ಇಮೇಲ್ ನೋಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆದು, ಬದಲಿಯವರ ಹೆಸರಿರುವ ಸ್ವಯಂ ಉತ್ತರವನ್ನು ಹಾಕಿಡಿ.

ವಾರಕ್ಕೆ ಎರಡಕ್ಕಿಂತ ಹೆಚ್ಚು ಕರೆಗಳು ಬಂದರೆ ತೊಂದರೆ ಸಂಪರ್ಕದ್ದಲ್ಲ, ಬದಲಿ ವ್ಯವಸ್ಥೆಯದು. ಆಗ ಹೆಚ್ಚು ಹೊತ್ತು ಸಿಗಲು ಒಪ್ಪಿಕೊಳ್ಳಬೇಡಿ. ಯಾವ ಕೆಲಸದಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಕೇಳಿ, ಅದೊಂದನ್ನು ನೀವು ಮರಳುವವರೆಗೆ ನಿಲ್ಲಿಸಬಹುದೇ ಎಂದು ಮ್ಯಾನೇಜರ್ ಜೊತೆ ತೀರ್ಮಾನಿಸಿ.

ಹೆರಿಗೆ ನೋವು ಶುರುವಾದ ದಿನ ಯಾರಿಗೆ, ಏನೆಂದು ತಿಳಿಸಲಿ?

ಮೆಸೇಜನ್ನು 36ನೇ ವಾರದಲ್ಲೇ ಬರೆದು ಫೋನಿನಲ್ಲಿ ಉಳಿಸಿಡಿ: “ಆಸ್ಪತ್ರೆಗೆ ಹೊರಟಿದ್ದೇವೆ. ಇಂದಿನಿಂದ ನನ್ನ ಕೆಲಸವನ್ನು ಒಪ್ಪಿಕೊಂಡಂತೆ ಇಬ್ಬರು ಲೆಕ್ಕಿಗರು ನೋಡಿಕೊಳ್ಳುತ್ತಾರೆ. ಮಗು ಹುಟ್ಟಿದ ದಿನಾಂಕವನ್ನು ಆಮೇಲೆ ತಿಳಿಸುತ್ತೇನೆ.” ಇದು ಮ್ಯಾನೇಜರ್‌ಗೂ ಬದಲಿಯವರಿಬ್ಬರಿಗೂ ಒಟ್ಟಿಗೇ ಹೋಗಬೇಕು. ರಾತ್ರಿ ಎರಡು ಗಂಟೆಗೆ ಕಳಿಸಿದರೂ ತಪ್ಪಿಲ್ಲ, ಅವರು ಬೆಳಿಗ್ಗೆ ನೋಡುತ್ತಾರೆ. ಮಗು ಹುಟ್ಟಿದ ಮೇಲೆ ಎರಡನೆಯ ಮೆಸೇಜಿನಲ್ಲಿ ಹುಟ್ಟಿದ ದಿನಾಂಕ ಮತ್ತು ನೀವು ಮರಳುವ ದಿನಾಂಕ ಎರಡೇ ಇದ್ದರೆ ಸಾಕು. ಆ ದಿನಾಂಕವನ್ನು ಆಸ್ಪತ್ರೆಯಲ್ಲಿ ಕುಳಿತು ಎಣಿಸುವ ಕಷ್ಟ ಬೇಡವೆಂದರೆ, ಕಿಟಕಿಯ ಪ್ರತಿ ವಾರಕ್ಕೂ ಮರಳುವ ದಿನವನ್ನು ಮುಂಚೆಯೇ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಮಗು ನವೆಂಬರ್ 11ರಂದು ಹುಟ್ಟಿದರೆ ರಜೆ 12ರಿಂದ ಡಿಸೆಂಬರ್ 2ರವರೆಗೆ, ಮರಳುವುದು ಡಿಸೆಂಬರ್ 3ಕ್ಕೆ.

ಇಷ್ಟೆಲ್ಲ ಸೇರಿಸಿದರೆ ಇಮೇಲ್ ಎಷ್ಟು ಉದ್ದವಾಗುತ್ತದೆ? ಒಂದು ಮಾದರಿ ಕೊಡಿ.

ಒಂದು ಪುಟ ದಾಟಬಾರದು. ಕೆಲಸದ ವಿವರವಾದ ಟಿಪ್ಪಣಿ ಬೇರೆ ಕಡತದಲ್ಲಿರಲಿ.

> ವಿಷಯ: ಪಿತೃತ್ವ ರಜೆಗೆ ಕೋರಿಕೆ, 15 ಕೆಲಸದ ದಿನಗಳು
>
> ಮಾನ್ಯರೇ,
>
> ನಾವು ಕಳೆದ ವಾರ ಮಾತಾಡಿದಂತೆ, ನನ್ನ ಪತ್ನಿಯ ಹೆರಿಗೆಯ ನಿರೀಕ್ಷಿತ ದಿನಾಂಕ ನವೆಂಬರ್ 18. ಹೆರಿಗೆಯಾದ ಮರುದಿನದಿಂದ 15 ಕೆಲಸದ ದಿನಗಳ ಪಿತೃತ್ವ ರಜೆಯನ್ನು ಒಂದೇ ಕಂತಿನಲ್ಲಿ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಹೆರಿಗೆ ಅಕ್ಟೋಬರ್ 28ರಿಂದ ಡಿಸೆಂಬರ್ 2ರೊಳಗೆ ಯಾವ ದಿನವಾದರೂ ಆಗಬಹುದು. ವ್ಯವಸ್ಥೆಯಲ್ಲಿ ನವೆಂಬರ್ 19ರಿಂದ ಡಿಸೆಂಬರ್ 9 ಎಂದು ತಾತ್ಕಾಲಿಕವಾಗಿ ತುಂಬಿದ್ದೇನೆ, ಹೆರಿಗೆಯಾದ ಮೇಲೆ ಅದನ್ನು ತಿದ್ದಿಸಿಕೊಡಬೇಕಾಗಿ ವಿನಂತಿ.
>
> ಗುರುವಾರದ ಪಾವತಿಯನ್ನು ಸಹಾಯಕ ಲೆಕ್ಕಿಗರು, ತಿಂಗಳ ಲೆಕ್ಕವನ್ನು ಹಿರಿಯ ಲೆಕ್ಕಿಗರು ನೋಡಿಕೊಳ್ಳಬಹುದೆಂದು ಪ್ರಸ್ತಾವಿಸುತ್ತೇನೆ. ಇಬ್ಬರೊಂದಿಗೂ ಮಾತಾಡಿದ್ದೇನೆ, ಈ ಅವಧಿಯಲ್ಲಿ ಇಬ್ಬರಿಗೂ ರಜೆ ಇಲ್ಲ. ಸೆಪ್ಟೆಂಬರ್ ತಿಂಗಳ ಲೆಕ್ಕವನ್ನು ಹಿರಿಯ ಲೆಕ್ಕಿಗರೇ ನನ್ನೆದುರು ಮಾಡಿ ಮುಗಿಸುತ್ತಾರೆ. ಕೆಲಸ ವಹಿಸಿಕೊಡುವುದು ಅಕ್ಟೋಬರ್ 21ಕ್ಕೆ ಪೂರ್ಣಗೊಳ್ಳುತ್ತದೆ. ಹಳೆಯ ಬಾಕಿಗಳ ತಾಳೆ ಮತ್ತು ಹೊಸ ವರದಿಯ ಕೆಲಸ ನಾನು ಮರಳುವವರೆಗೆ ಕಾಯಬಹುದು. ಇಬ್ಬರಿಗೂ ಅಕ್ಟೋಬರ್ 28ರಿಂದ ಡಿಸೆಂಬರ್ 31ರವರೆಗೆ ತಾತ್ಕಾಲಿಕ ಅನುಮತಿ ಬೇಕಾಗುತ್ತದೆ.
>
> ಹೆರಿಗೆಯಾದ ಮೊದಲ ಏಳು ದಿನ ನಾನು ಸಂಪರ್ಕಕ್ಕೆ ಸಿಗುವುದಿಲ್ಲ. ನಂತರ ಕೆಲಸದ ದಿನಗಳಲ್ಲಿ ಸಂಜೆ 4ರಿಂದ 4.30ರವರೆಗೆ, ಪಾವತಿ ಕಡತ ಬ್ಯಾಂಕಿನಿಂದ ವಾಪಸ್ ಬಂದಾಗ ಅಥವಾ ಲೆಕ್ಕ ಮುಗಿಸಲು ಬೇಕಾದ ಮಾಹಿತಿ ಎಲ್ಲೂ ಸಿಗದಿದ್ದಾಗ, ತಾವು ನನ್ನ ಫೋನಿಗೆ ಕರೆ ಮಾಡಬಹುದು. ಇಮೇಲ್ ನೋಡುವುದಿಲ್ಲ.
>
> ಸೆಪ್ಟೆಂಬರ್ 15ರೊಳಗೆ ತಮ್ಮ ಒಪ್ಪಿಗೆ ತಿಳಿಸಿದರೆ ತರಬೇತಿಯ ದಿನಗಳನ್ನು ಗೊತ್ತು ಮಾಡಿಕೊಳ್ಳುತ್ತೇವೆ.

ಕೊನೆಯ ಸಾಲಿನಲ್ಲಿ ಉತ್ತರಕ್ಕೆ ದಿನ ಕೊಟ್ಟಿರುವುದನ್ನು ಗಮನಿಸಿ. ದಿನವಿಲ್ಲದ ಕೋರಿಕೆಗೆ “ನೋಡೋಣ” ಎಂಬ ಉತ್ತರ ಬಂದು ಅಲ್ಲೇ ನಿಲ್ಲುತ್ತದೆ.

## ತೊಡಕಿನ ಸಂದರ್ಭಗಳು

ಮ್ಯಾನೇಜರ್ “ತಿಂಗಳ ಲೆಕ್ಕ ಮುಗಿದ ಮೇಲೆ ಹೋಗಿ” ಎನ್ನುತ್ತಾರೆ. ಏನು ಹೇಳಲಿ?

ಅವರ ಮಾತಿನ ಹಿಂದೆ ಯಾವ ಭಯವಿದೆ ಎಂದು ಮೊದಲು ತಿಳಿಯಿರಿ. ಹೆಚ್ಚಿನ ಸಲ ರಜೆ ಬೇಡವೆಂಬುದು ಅವರ ಇಂಗಿತವಲ್ಲ, ಆ ಐದು ದಿನ ಕೆಲಸ ಕೆಟ್ಟರೆ ಏನು ಗತಿ ಎಂಬ ಚಿಂತೆ. ಅದಕ್ಕೆ ಉತ್ತರ ಅಕ್ಟೋಬರ್ ಆರಂಭದ ಆ ಪ್ರಯೋಗ. “ಸೆಪ್ಟೆಂಬರ್ ಲೆಕ್ಕವನ್ನು ಅವರೇ ಮಾಡಿ ಮುಗಿಸಲಿ, ಎಲ್ಲಿ ತಡವಾಯಿತು ಎಂದು 8ನೇ ತಾರೀಖು ಕುಳಿತು ನೋಡೋಣ” ಎಂದು ಹೇಳಿ. ಕೆಲಸ ನಡೆದದ್ದನ್ನು ಕಣ್ಣಾರೆ ಕಂಡ ಮೇಲೆ ಮುಂದೂಡುವ ಮಾತು ಬಹುಮಟ್ಟಿಗೆ ಬರುವುದಿಲ್ಲ.

ಆಮೇಲೂ ಅದನ್ನೇ ಹೇಳಿದರೆ, ನಿಯಮ ಕೊಟ್ಟ ರಜೆಗೂ ಮ್ಯಾನೇಜರ್ ವಿವೇಚನೆಗೆ ಬಿಟ್ಟ ರಜೆಗೂ ಇರುವ ವ್ಯತ್ಯಾಸ ಮುಖ್ಯವಾಗುತ್ತದೆ. ಮೊದಲನೆಯದಾದರೆ ಎಚ್‌ಆರ್ ವಿಭಾಗಕ್ಕೆ ನಿಯಮದ ಸಂಖ್ಯೆಯೊಂದಿಗೆ ಬರೆಯಿರಿ, ಮ್ಯಾನೇಜರ್‌ಗೂ ಪ್ರತಿ ಇರಲಿ. ಎರಡನೆಯದಾದರೆ ಕಂತು ಮಾಡಲು ಮುಂದಾಗಬಹುದು: ಹೆರಿಗೆಯಾದಾಗ ಎಂಟು ದಿನ, ಉಳಿದ ಏಳು ದಿನ ಲೆಕ್ಕ ಮುಗಿದ ಮೇಲೆ. ಆದರೆ ಮೊದಲ ಕಂತನ್ನು ಹೆರಿಗೆಯಿಂದ ದೂರ ತಳ್ಳಲು ಮಾತ್ರ ಒಪ್ಪಬೇಡಿ.

ಮಗು ತೀರಾ ಮುಂಚೆ ಹುಟ್ಟಿ ಐಸಿಯುನಲ್ಲಿದ್ದರೆ ರಜೆಯನ್ನು ಯಾವಾಗ ಬಳಸಲಿ?

37 ವಾರಕ್ಕೆ ಮೊದಲೇ ಹುಟ್ಟಿದರೆ ನಿಮ್ಮ ಕಿಟಕಿಯ ಲೆಕ್ಕವೇ ಅನ್ವಯಿಸುವುದಿಲ್ಲ, ಬದಲಿ ವ್ಯವಸ್ಥೆಯೂ ಅರ್ಧಕ್ಕಿರಬಹುದು. ಮೊದಲ ದಿನ ಆ ಬಗ್ಗೆ ಯೋಚಿಸಬೇಡಿ. ವಿಷಯವನ್ನು ಒಂದು ಸಾಲಿನಲ್ಲಿ ತಿಳಿಸಿ, ಉಳಿದದ್ದನ್ನು ಎರಡು ದಿನ ಬಿಟ್ಟು ಮಾತಾಡುತ್ತೇನೆ ಎನ್ನಿ. ಮಗು ಹಲವು ವಾರ ಆಸ್ಪತ್ರೆಯಲ್ಲಿರುವ ಸೂಚನೆ ಇದ್ದರೆ, ನಿಯಮ ಬಿಟ್ಟರೆ, ಕೆಲವು ದಿನಗಳನ್ನು ಈಗ ಬಳಸಿ ಉಳಿದದ್ದನ್ನು ಮಗು ಮನೆಗೆ ಬರುವ ದಿನಕ್ಕೆ ಇಟ್ಟುಕೊಳ್ಳುವುದು ಹಲವರಿಗೆ ಅನುಕೂಲವಾಗಿದೆ. ಆರಂಭದ ದಿನಗಳಿಗೆ ಕುಟುಂಬದವರ ಅನಾರೋಗ್ಯಕ್ಕೆಂದು ಇರುವ ರಜೆ ಸಿಗುತ್ತದೆಯೇ ಎಂದೂ ಕೇಳಿ. ಎರಡು ಕಂತಿಗೆ ಅವಕಾಶವಿದೆಯೇ ಎಂದು ಮುಂಚೆಯೇ ನೋಡಿಡಲು ಹೇಳಿದ್ದು ಇದಕ್ಕಾಗಿ.

ಮಗು ಉಳಿಯದ ದುಃಖ ಎದುರಾದರೆ ಆಫೀಸಿಗೆ ತಿಳಿಸುವ ಕೆಲಸವನ್ನು ನೀವೇ ಮಾಡಬೇಕಾಗಿಲ್ಲ. ನಿಮ್ಮ ಅಣ್ಣನೋ ಅಕ್ಕನೋ ಗೆಳೆಯನೋ ಮ್ಯಾನೇಜರ್‌ಗೆ ಫೋನ್ ಮಾಡಿ, ತಂಡಕ್ಕೆ ಹೇಗೆ ತಿಳಿಸಬೇಕು, ಯಾರೂ ಕರೆ ಮಾಡಬಾರದು ಎಂಬುದನ್ನು ಹೇಳಲಿ. ಆ ಸಂದರ್ಭದಲ್ಲಿ ಯಾವ ರಜೆ ಸಿಗುತ್ತದೆ ಎಂದು ಎಚ್‌ಆರ್ ವಿಭಾಗದಿಂದ ತಿಳಿದುಕೊಳ್ಳುವುದನ್ನೂ ಅವರಿಗೇ ವಹಿಸಿ.

ಮರಳಿದ ದಿನ ಕೆಲಸವನ್ನು ಹೇಗೆ ವಾಪಸ್ ತೆಗೆದುಕೊಳ್ಳಲಿ?

ಮೊದಲ ಬೆಳಿಗ್ಗೆ ಇಮೇಲ್ ತೆರೆಯುವ ಮುನ್ನ ಬದಲಿಯವರಿಬ್ಬರ ಜೊತೆ ಅರ್ಧ ಗಂಟೆ ಕುಳಿತು, ಏನು ಮುಗಿದಿದೆ, ಏನು ಬಾಕಿ ಇದೆ, ಯಾರಿಗೆ ಏನು ಮಾತು ಕೊಟ್ಟಿದ್ದಾರೆ ಎಂದು ಕೇಳಿ. ತಿಂಗಳ ಲೆಕ್ಕದ ನಡುವೆ ಮರಳಿದ್ದರೆ, ಡಿಸೆಂಬರ್ 3ಕ್ಕೆ ಬಂದ ನಮ್ಮ ನೌಕರನಂತೆ, ಅದನ್ನು ಕೈಗೆ ತೆಗೆದುಕೊಳ್ಳದೆ ಹಿರಿಯ ಲೆಕ್ಕಿಗರೇ ಮುಗಿಸಲು ಬಿಡಿ. ಅರ್ಧದಲ್ಲಿ ಕೈ ಬದಲಾದ ಲೆಕ್ಕದಲ್ಲಿ ಒಂದು ನಮೂದು ಎರಡು ಸಲ ಬರುವುದು ಸುಲಭ. ಗುರುವಾರದ ಪಾವತಿಯನ್ನು ಅಂದೇ ವಾಪಸ್ ಪಡೆಯಬಹುದು. ತಾತ್ಕಾಲಿಕ ಅನುಮತಿಗಳನ್ನು ರದ್ದು ಮಾಡಿಸುವುದು ಮತ್ತು ರಜೆಯ ತಿದ್ದಿದ ದಿನಾಂಕಗಳು ಹಾಜರಿಯಲ್ಲಿ ಸರಿಯಾಗಿ ಬಂದಿವೆಯೇ ಎಂದು ಸಂಬಳದ ಲೆಕ್ಕ ಮುಚ್ಚುವ ಮೊದಲು ನೋಡುವುದು, ಈ ಎರಡನ್ನೂ ಅದೇ ವಾರ ಮುಗಿಸಿಕೊಳ್ಳಿ.